ಸವೆದ ಮುಖ ಬೇಡ, ಬೆನ್ನು ತೋರಿಸಿ

ರಾತ್ರಿ ಒಂಬತ್ತಕ್ಕೆ ಷಟರ್ ಎಳೆದರೂ ನನ್ನ ವ್ಯಾಪಾರ ಮುಗಿಯುವುದಿಲ್ಲ. ತರೀಕೆರೆಯಲ್ಲಿ ದ್ವಿಚಕ್ರ ವಾಹನಗಳ ಬಿಡಿಭಾಗದ ಅಂಗಡಿ ಇಟ್ಟು ಇಪ್ಪತ್ತು ವರ್ಷ ದಾಟಿತು. ಮೊದಲೆಲ್ಲ ಹಳೆಯ ಸಾಮಾನನ್ನು ಪೇಪರಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಬರುತ್ತಿದ್ದರು. ಈಗ ವಾಟ್ಸಾಪಿನಲ್ಲಿ ಫೋಟೊ ಬರುತ್ತದೆ. ಅಂಗೈ ಮೇಲೆ ಕೂತ ಒಂದು ಕರಿ ತುಂಡು, ಹಿಂದೆ ಕೊಟ್ಟಿಗೆಯ ನೆಲ, ಕೆಳಗೆ ಒಂದೇ ಸಾಲು: ‘ಅಣ್ಣಾ, ಇದು ಐತಾ?’

ಐತೋ ಇಲ್ಲವೋ ಹೇಳುವುದಕ್ಕೆ ಮೊದಲು ಅದು ಏನೆಂದು ನನಗೆ ಗೊತ್ತಾಗಬೇಕಲ್ಲ. ಹತ್ತರಲ್ಲಿ ಏಳೆಂಟು ಫೋಟೊಗಳಲ್ಲಿ ಅದೇ ಗೊತ್ತಾಗುವುದಿಲ್ಲ. ಫೋಟೊ ಮಸುಕಾಗಿರುತ್ತದೆ ಎಂದಲ್ಲ, ಈಗಿನ ಫೋನುಗಳಲ್ಲಿ ಎಲ್ಲ ಸ್ವಚ್ಛವಾಗಿಯೇ ಬರುತ್ತದೆ. ಆದರೆ ಜನ ಸವೆದ ಕಡೆಯನ್ನೇ ತೋರಿಸುತ್ತಾರೆ. ಗಾಯ ಇರುವ ಕಡೆ ಬೆರಳಿಡುವುದು ಮನುಷ್ಯನ ಸ್ವಭಾವ. ಗುರುತು ಹಿಡಿಯಬೇಕಾದವನಿಗೆ ಮಾತ್ರ ಬೇಕಾಗುವುದು ಸವೆಯದೆ ಉಳಿದ ಭಾಗ.

ಡಿಸ್ಕ್ ಬ್ರೇಕಿನ ಪ್ಯಾಡನ್ನೇ ನೋಡಿ. ಅದರಲ್ಲಿ ಎರಡು ಪದರ. ಒಂದು ಡಿಸ್ಕಿಗೆ ಉಜ್ಜುವ ಕಪ್ಪು ಮಸಾಲೆ, ಇನ್ನೊಂದು ಅದನ್ನು ಹೊತ್ತ ಉಕ್ಕಿನ ತಗಡು. ಮಸಾಲೆ ದಿನದಿನಕ್ಕೆ ಕರಗುತ್ತದೆ. ನಡುವಿನ ಗೀರು ಮಾಯವಾಯಿತೆಂದರೆ, ಇಲ್ಲವೇ ದಪ್ಪ ಒಂದೂವರೆ ಮಿಲಿಮೀಟರಿಗೆ ಇಳಿಯಿತೆಂದರೆ ಅದರ ಆಯುಸ್ಸು ಮುಗಿದಂತೆ. ತಗಡು ಹಾಗಲ್ಲ. ಕಾರ್ಖಾನೆಯಲ್ಲಿ ಅಚ್ಚು ಹೊಡೆದ ದಿನದ ಆಕಾರ ಕೊನೆಯವರೆಗೂ ಹಾಗೇ ಇರುತ್ತದೆ. ಪಿನ್ ತೂರುವ ತೂತು ಒಂದೋ ಎರಡೋ, ತುದಿಯಲ್ಲಿ ಕೊಕ್ಕೆ ಇದೆಯೋ ಇಲ್ಲವೋ, ಕಿವಿ ಎಡಕ್ಕೋ ಬಲಕ್ಕೋ ಎಂಬುದರ ಮೇಲೆಯೇ ಅದು ಯಾವ ಕ್ಯಾಲಿಪರಿನಲ್ಲಿ ಕೂರುತ್ತದೆಂದು ಗೊತ್ತಾಗುತ್ತದೆ.

ಇಲ್ಲಿ ‘ಯಾವ ಬೈಕು’ ಎನ್ನದೆ ‘ಯಾವ ಕ್ಯಾಲಿಪರ್’ ಎಂದೆ. ಪ್ಯಾಡ್ ಹೊಂದಬೇಕಾದದ್ದು ಕ್ಯಾಲಿಪರಿಗೆ, ಟ್ಯಾಂಕಿನ ಮೇಲೆ ಬರೆದ ಹೆಸರಿಗಲ್ಲ. 2019ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು, ಅದಕ್ಕಿಂತ ಚಿಕ್ಕವಕ್ಕೆ ಸಿಬಿಎಸ್ಸೋ ಎಬಿಎಸ್ಸೋ ಒಂದಿರಲೇಬೇಕು ಎಂದಾಯಿತು. ಆಗ ಎಷ್ಟೋ ಗಾಡಿಗಳ ಬ್ರೇಕಿನ ಜೋಡಣೆ ಬದಲಾಯಿತು, ಹೆಸರು ಮಾತ್ರ ಹಳೆಯದೇ ಉಳಿಯಿತು. ಹಾಗಾಗಿ ಹೆಸರಿನ ಜೊತೆ ತಯಾರಾದ ತಿಂಗಳು, ವರ್ಷವನ್ನೂ ಕೇಳುತ್ತೇನೆ. ಆರ್‌ಸಿ ಕಾರ್ಡಿನಲ್ಲಿ ಅದು ಇರುತ್ತದೆ. ನೋಡಿ ಬರೆದು ಕಳಿಸಿದರೆ ಸಾಕು, ಇಡೀ ಕಾರ್ಡಿನ ಫೋಟೊ ಕಳಿಸುವುದು ಬೇಡ.

ವರ್ಷ ತಿಳಿದೂ ಒಮ್ಮೆ ನಾನು ಬೇಸ್ತುಬಿದ್ದೆ. ಲಿಂಗದಹಳ್ಳಿ ಕಡೆಯ ಒಬ್ಬ ಹುಡುಗ 2017ರ 150 ಸಿಸಿ ಬೈಕೊಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದ. ಮುಂದಿನ ಬ್ರೇಕು ಹಿಡಿದರೆ ಕರಕರ ಸದ್ದು. ಪ್ಯಾಡ್ ಬಿಚ್ಚಿ, ಸವೆದ ಮುಖ ಮೇಲೆ ಮಾಡಿ ಫೋಟೊ ಹೊಡೆದು ಕಳಿಸಿದ. ಒಂದು ತುದಿಯಲ್ಲಿ ಮಸಾಲೆ ಇನ್ನೂ ಇತ್ತು, ಇನ್ನೊಂದು ತುದಿಯಲ್ಲಿ ತಗಡು ಡಿಸ್ಕಿಗೆ ತಾಗಿ ಹೊಳೆಯುತ್ತಿತ್ತು. ಕ್ಯಾಲಿಪರ್ ಜಾರುವ ಪಿನ್ನುಗಳು ಒಣಗಿ ಹಿಡಿದುಕೊಂಡಿರಬೇಕು ಎಂಬುದು ಅಷ್ಟರಿಂದಲೇ ತಿಳಿಯಿತು. ರೋಗ ತಿಳಿಯಿತು, ಸಾಮಾನು ಯಾವುದೆಂದು ತಿಳಿಯಲಿಲ್ಲ. ಗಾಡಿಯ ಹೆಸರು, ವರ್ಷ ನೋಡಿ ನಾನೇ ಒಂದು ಸೆಟ್ ಆರಿಸಿ ಬೆಳಗಿನ ಬಸ್ಸಿನಲ್ಲಿ ಕಳಿಸಿದೆ. ಮಧ್ಯಾಹ್ನ ಫೋನು ಬಂತು: ‘ಅಣ್ಣಾ, ಕೂರ್ತಾನೇ ಇಲ್ಲ.’

ಆಗ ಬೆನ್ನಿನ ಫೋಟೊ ಕೇಳಿದೆ. ಹಳೆಯದಕ್ಕೆ ಎರಡು ಪಿನ್ ತೂತು. ನಾನು ಕಳಿಸಿದ್ದಕ್ಕೆ ಒಂದೇ ತೂತು, ಇನ್ನೊಂದು ಕಡೆ ಕೊಕ್ಕೆ. ಹಿಂದಿನ ಮಾಲೀಕ ಎಲ್ಲೋ ಬೈಕು ಬೀಳಿಸಿ, ಗುಜರಿಯಿಂದ ಬೇರೆ ಗಾಡಿಯ ಕ್ಯಾಲಿಪರ್ ತಂದು ಹಾಕಿಸಿದ್ದನಂತೆ. ಆರ್‌ಸಿ ಕಾರ್ಡಿಗೆ ಅದು ಹೇಗೆ ಗೊತ್ತಿರಬೇಕು?

ಎರಡು ತೂತಿನ ಪ್ಯಾಡುಗಳು ನನ್ನಲ್ಲಿ ಎರಡು ಬಗೆ ಇದ್ದವು. ಅಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ತೂತುಗಳ ನಡುವಿನ ಅಂತರ ಒಂದರಲ್ಲಿ 44 ಮಿಲಿಮೀಟರ್, ಇನ್ನೊಂದರಲ್ಲಿ ನಲವತ್ತಾರೂವರೆ. ಬರೀ ಫೋಟೊದಲ್ಲಿ ಇದನ್ನು ಹೇಳಲು ಬ್ರಹ್ಮನಿಗೂ ಆಗದು, ಅಳತೆಗೆ ಏನಾದರೂ ಪಕ್ಕದಲ್ಲಿ ಬೇಕು. ‘ಹತ್ತು ರೂಪಾಯಿ ನಾಣ್ಯ ಇಟ್ಟು ಹೊಡಿಯಪ್ಪ’ ಎಂದೆ. ಎರಡು ಬಣ್ಣದ ಹತ್ತು ರೂಪಾಯಿ ನಾಣ್ಯದ ಅಡ್ಡಳತೆ 27 ಮಿಲಿಮೀಟರ್. ಪರದೆಯ ಮೇಲೆ ಫೋಟೊ ಹಿಗ್ಗಿಸಿ ನಾಣ್ಯ 54 ಮಿಲಿಮೀಟರ್ ಬರುವಂತೆ ಮಾಡಿಕೊಂಡರೆ ಎಲ್ಲವೂ ಸರಿಯಾಗಿ ಎರಡರಷ್ಟು ದೊಡ್ಡದಾಗಿರುತ್ತದೆ. ಆಮೇಲೆ ಸ್ಕೇಲ್ ಹಿಡಿದು ಅಳೆದು ಅರ್ಧ ಮಾಡುವುದಷ್ಟೇ.

ಅಳೆದೆ, ಅರ್ಧ ಮಾಡಿದೆ. ಬಂದದ್ದು 45 ಚಿಲ್ಲರೆ. ಇತ್ತ 44 ಅಲ್ಲ, ಅತ್ತ ನಲವತ್ತಾರೂವರೆಯೂ ಅಲ್ಲ.

ತಪ್ಪು ನಾಣ್ಯದ್ದಲ್ಲ, ಫೋನು ಹಿಡಿದ ದೂರದ್ದು. ಕ್ಯಾಮೆರಾಕ್ಕೆ ಹತ್ತಿರ ಇರುವುದು ದೊಡ್ಡದಾಗಿ ಕಾಣುತ್ತದೆ. ಪ್ಯಾಡನ್ನು ಮಸಾಲೆ ಕೆಳಗೆ ಮಾಡಿ ನೆಲದ ಮೇಲಿಟ್ಟರೆ ತಗಡಿನ ಬೆನ್ನು ನೆಲದಿಂದ ಐದಾರು ಮಿಲಿಮೀಟರ್ ಮೇಲಿರುತ್ತದೆ, ಪಕ್ಕದ ನಾಣ್ಯ ಎರಡು ಮಿಲಿಮೀಟರೂ ಎದ್ದಿರುವುದಿಲ್ಲ. ಹುಡುಗ ಫೋನನ್ನು ಒಂದು ಗೇಣಿಗೂ ಹತ್ತಿರ ಹಿಡಿದಿದ್ದ. ಅಷ್ಟು ಹತ್ತಿರದಲ್ಲಿ ಆ ನಾಲ್ಕು ಮಿಲಿಮೀಟರಿನ ವ್ಯತ್ಯಾಸಕ್ಕೇ ಪ್ಯಾಡು ನೂರಕ್ಕೆ ಮೂರರಷ್ಟು ಹಿಗ್ಗಿ ಕಾಣುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯ ಸುಲಭದ್ದು. ಹತ್ತರ ನಾಣ್ಯ ಮೂರನ್ನು ಒಂದರ ಮೇಲೊಂದು ಪೇರಿಸಿದರೆ ಮೇಲಿನ ನಾಣ್ಯ ಹೆಚ್ಚುಕಡಿಮೆ ತಗಡಿನ ಮಟ್ಟಕ್ಕೆ ಬರುತ್ತದೆ. ಫೋನನ್ನು ಎರಡು ಅಡಿ ಮೇಲೆ ನೆಟ್ಟಗೆ ಹಿಡಿದು, ಅಲ್ಲಿಂದ ಜೂಮ್ ಮಾಡಿ ಹೊಡೆಯಬೇಕು. ಓರೆಯಾಗಿ ಹಿಡಿದರೆ ನಾಣ್ಯ ಮೊಟ್ಟೆಯಾಗುತ್ತದೆ, ಅದನ್ನು ನೋಡಿಯೇ ಫೋಟೊ ಕೆಟ್ಟಿತೆಂದು ತಿಳಿಯಬಹುದು. ಹುಡುಗ ಮತ್ತೆ ಹೊಡೆದು ಕಳಿಸಿದ. ಈ ಸಲ ನೇರವಾಗಿ 44 ಬಂತು.

ಎರಡೂ ಪ್ಯಾಡುಗಳನ್ನು ಒಟ್ಟಿಗೆ ಇಟ್ಟು ಹೊಡೆಯುವುದು ಒಳ್ಳೆಯದು. ಪಿಸ್ಟನ್ ಕಡೆಯದ್ದು ಒಂದು ಆಕಾರ, ಆಚೆಯದ್ದು ಇನ್ನೊಂದು ಆಕಾರ ಇರುವುದುಂಟು. ಮುಖದ ಕಡೆಯಿಂದ ನೋಡಿದರೆ ಬಲಕ್ಕಿರುವ ಕಿವಿ ಬೆನ್ನಿನ ಕಡೆಯಿಂದ ಎಡಕ್ಕಿರುತ್ತದೆ, ಆದ್ದರಿಂದ ಎರಡನ್ನೂ ಬೆನ್ನು ಮೇಲೆ ಮಾಡಿಯೇ ಇಡಬೇಕು. ಸೆಲ್ಫಿ ಕ್ಯಾಮೆರಾದಲ್ಲಂತೂ ಹೊಡೆಯಲೇಬೇಡಿ, ಕೆಲವು ಫೋನುಗಳು ಅದರಲ್ಲಿ ಎಡಬಲ ತಿರುಗಿಸಿಬಿಡುತ್ತವೆ.

ತಗಡಿನ ಮೇಲೆ ಕೊರೆದ ಅಕ್ಷರಗಳಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಫೋಟೊ ಹೊಡೆಯಿರಿ. ಬಾಯಿಂದ ಊದಬೇಡಿ, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆದರೆ FF, GG, HH ಎಂದಿದ್ದರೆ ಅದನ್ನು ಪಾರ್ಟ್ ನಂಬರ್ ಎಂದು ಹುಡುಕಲು ಹೋಗಬೇಡಿ. ಮಸಾಲೆ ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂಬ ದರ್ಜೆ ಅದು. ಮೊದಲ ಅಕ್ಷರ ಸಾಮಾನ್ಯ ಬಿಸಿಯಲ್ಲಿ, ಎರಡನೆಯದು ಚೆನ್ನಾಗಿ ಕಾದಾಗ. ಎಷ್ಟೋ ಬೇರೆ ಬೇರೆ ಆಕಾರದ ಪ್ಯಾಡುಗಳ ಮೇಲೆ ಅದೇ ಎರಡಕ್ಷರ ಇರುತ್ತದೆ.

ಕ್ಲಚ್ ಪ್ಲೇಟಿನ ಕತೆಯಲ್ಲೂ ಸೂತ್ರ ಇದೇ, ಮೋಸ ಹೋಗುವ ಜಾಗ ಬೇರೆ. ಬಳೆಯಂಥ ಈ ಪ್ಲೇಟಿನ ಎರಡೂ ಮುಖಕ್ಕೆ ಮಸಾಲೆಯ ಬಿಲ್ಲೆಗಳನ್ನು ಅಂಟಿಸಿರುತ್ತಾರೆ, ಹೊರ ಅಂಚಿನಲ್ಲಿ ಚೌಕದ ಕಿವಿಗಳು. ಜನ ಬಿಲ್ಲೆ ಎಣಿಸುತ್ತಾರೆ, ಬಣ್ಣ ನೋಡುತ್ತಾರೆ. ಅವೆರಡೂ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತವೆ, ಒಂದೇ ಗಾಡಿಗಾದರೂ. ಎಣಿಸಬೇಕಾದ್ದು ಹೊರಗಿನ ಕಿವಿಗಳನ್ನು. ಅವು ಕ್ಲಚ್ಚಿನ ಹೊರಬುಟ್ಟಿಯ ಸಂದುಗಳಲ್ಲಿ ಕೂರಬೇಕಾದ್ದರಿಂದ ಯಾವ ಕಂಪನಿಯೂ ಅದನ್ನು ಬದಲಿಸುವಂತಿಲ್ಲ. ಹೊರಗಿನ ಅಡ್ಡಳತೆ, ಒಳಗಿನ ಅಡ್ಡಳತೆ ಇವೆರಡಕ್ಕೂ ನಾಣ್ಯ ಸಾಲದು, ಪ್ಲೇಟಿನ ನಡುವಿನ ಖಾಲಿ ಜಾಗದಲ್ಲಿ ಅಡ್ಡಲಾಗಿ ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲ್ ಇಟ್ಟು ಹೊಡೆಯಬೇಕು. ಪ್ಲೇಟುಗಳ ನಡುನಡುವೆ ಬರುವ ಉಕ್ಕಿನ ಬಳೆಗಳಿಗೆ, ಅಂದರೆ ಪ್ರೆಶರ್ ಪ್ಲೇಟುಗಳಿಗೆ, ಹಲ್ಲು ಒಳಗಡೆ ಇರುತ್ತದೆ. ಅವನ್ನೂ ತೋರಿಸಿ. ನೀಲಿಗಟ್ಟಿದ್ದರೆ ಕಾದು ಸುಟ್ಟಿವೆ ಎಂದರ್ಥ, ಅವೂ ಹೊಸದಾಗಬೇಕು.

ಒಂದೇ ಪ್ಲೇಟಿನ ಫೋಟೊ ಕಳಿಸಿ ‘ಇಂಥದ್ದು ಐದು’ ಎನ್ನುವವರಿದ್ದಾರೆ. ಕೆಲವು ಬೈಕುಗಳಲ್ಲಿ ಸೆಟ್ಟಿನ ಒಂದು ಪ್ಲೇಟು ಮಾತ್ರ ಬೇರೆ ಇರುತ್ತದೆ, ಅದರ ಒಳವ್ಯಾಸ ತುಸು ದೊಡ್ಡದು. ಬಿಚ್ಚಿದ ಕ್ರಮದಲ್ಲೇ ಎಲ್ಲವನ್ನೂ ಸಾಲಾಗಿ ಜೋಡಿಸಿ ಒಂದು ಫೋಟೊ ಹೊಡೆದಿದ್ದರೆ ಅದು ಕಣ್ಣಿಗೆ ಬೀಳುತ್ತದೆ, ತಿರುಗಿ ಜೋಡಿಸುವಾಗ ನಿಮ್ಮ ಮೆಕ್ಯಾನಿಕ್ಕಿಗೂ ಅನುಕೂಲ.

ಸ್ಕೂಟರಿನವರದು ಇನ್ನೊಂದು ಗೊಂದಲ. ಗೇರಿಲ್ಲದ ಸ್ಕೂಟರಿನಲ್ಲಿ ಈ ಬಳೆಗಳೇ ಇಲ್ಲ, ಬಟ್ಟಲೊಳಗೆ ತಿರುಗುತ್ತಾ ಅಗಲಿಕೊಳ್ಳುವ ಕ್ಲಚ್ ಶೂಗಳಿರುತ್ತವೆ. ಬಿಡಿಯಾಗಿ ಒಂದನ್ನು ಫೋಟೊ ಹೊಡೆದರೆ ಡ್ರಮ್ ಬ್ರೇಕಿನ ಲೈನರಿನ ಹಾಗೇ ಕಾಣುತ್ತದೆ. ಬ್ರೇಕಿನ ಲೈನರು ಎರಡು, ಒಂದೊಂದೂ ಅರ್ಧಚಂದ್ರದಷ್ಟು ಉದ್ದ. ಕ್ಲಚ್ ಶೂ ಸಾಮಾನ್ಯವಾಗಿ ಮೂರು, ಗಿಡ್ಡ. ಲೈನರಿನಲ್ಲೂ 110 ಮಿಲಿಮೀಟರಿನದು, 130ರದು ಎಂದಿವೆ, ಅಳತೆಗೋಲಿಲ್ಲದ ಫೋಟೊದಲ್ಲಿ ಎರಡೂ ಒಂದೇ.

ಫೋಟೊದಲ್ಲಿ ತಿಳಿಯದೇ ಉಳಿಯುವುದು ದಪ್ಪ. ಸಣ್ಣ ಬೈಕುಗಳ ಎಷ್ಟೋ ಕ್ಲಚ್ ಪ್ಲೇಟುಗಳು ಹೊಸದಿದ್ದಾಗ ಸುಮಾರು 3 ಮಿಲಿಮೀಟರ್ ಇರುತ್ತವೆ, 2.6ರ ಹತ್ತಿರ ಬಂದರೆ ಬದಲಿಸಬೇಕು. ಆ ಕೂದಲೆಳೆಯಷ್ಟು ಸವೆತವನ್ನು ಯಾವ ಫೋಟೊ ನೋಡಿಯೂ ನಾನು ಹೇಳಲಾರೆ. ಅದಕ್ಕೆ ವರ್ನಿಯರ್ ಹಿಡಿದು ಅಳೆಯಬೇಕು. ‘ಫೋಟೊ ನೋಡಿ ಇನ್ನೂ ಎಷ್ಟು ದಿನ ಬರುತ್ತೆ ಹೇಳಿ’ ಎಂದರೆ ನಾನು ಕೈಮುಗಿಯುತ್ತೇನೆ.

ಇಷ್ಟು ಮಾಡಿಯೂ ಫೋಟೊದಿಂದ ‘ಇದು ಖಂಡಿತ ಅಲ್ಲ’ ಎಂದು ಧೈರ್ಯವಾಗಿ ಹೇಳಬಹುದೇ ಹೊರತು ‘ಇದೇ’ ಎನ್ನುವುದಕ್ಕೆ ಸಾಮಾನು ಕೈಗೆ ಬರಬೇಕು. ಹೊಸ ಪ್ಯಾಡಿನ ಬೆನ್ನಿಗೆ ಹಳೆಯದರ ಬೆನ್ನು ತಾಗಿಸಿ ಬೆಳಕಿಗೆ ಹಿಡಿಯಿರಿ. ಒಂದು ತೂತಿನಲ್ಲಿ ಇನ್ನೊಂದರ ತೂತು ಪೂರ್ತಿ ಕಾಣಬೇಕು. ಎಡಬಲ ಬೇರೆ ಆಕಾರದ ಪ್ಯಾಡಾದರೆ ಬೆನ್ನಿಗೆ ಮುಖ ತಾಗಿಸಬೇಕು, ಇಲ್ಲವಾದರೆ ಸರಿಯಾದದ್ದೂ ತಪ್ಪಾಗಿ ಕಾಣುತ್ತದೆ. ಕಿವಿ ಒಂದು ಚೂರು ಅಡ್ಡ ಬರುತ್ತದೆಂದು ಗ್ರೈಂಡರ್ ಹಚ್ಚಲು ಹೊರಟ ಮೆಕ್ಯಾನಿಕ್ಕಿನ ಕೈ ಹಿಡಿಯಿರಿ. ಉಜ್ಜಿ ಕೂರಿಸಿದ ಪ್ಯಾಡು ಕ್ಯಾಲಿಪರಿನಲ್ಲಿ ಓರೆಯಾಗಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಅಲ್ಲಾಡುತ್ತದೆ. ನಮ್ಮ ಅಂಗಡಿಯಲ್ಲಿ ಗ್ರೈಂಡರ್ ತಾಗಿಸದ ಸಾಮಾನನ್ನು ವಾಪಸ್ ತೆಗೆದುಕೊಳ್ಳುತ್ತೇವೆ. ಅಲ್ಲಿಯವರೆಗೆ ಹಳೆಯದನ್ನು ಎಸೆಯಬೇಡಿ.