ವಾಷಿಂಗ್ ಮಷಿನ್ ಕೆಲಸ ಮುಗಿಸಿದ್ದನ್ನು ಫೋನಿಗೆ ತಿಳಿಸುವುದು ಹೇಗೆ?

ವಾಷಿಂಗ್ ಮಷಿನ್ ಬಟ್ಟೆ ಒಗೆದು ಮುಗಿಸಿದಾಗ ಬೀಪ್ ಎನ್ನುತ್ತದೆ. ಮಷಿನ್ ಹಿತ್ತಲಿನಲ್ಲೋ ತಾರಸಿಯಲ್ಲೋ ಇದ್ದರೆ ಆ ಸದ್ದು ಒಳಗಿದ್ದವರಿಗೆ ಕೇಳಿಸುವುದಿಲ್ಲ, ಹಿಂಡಿದ ಬಟ್ಟೆ ಗಂಟೆಗಟ್ಟಲೆ ಡ್ರಮ್ಮಿನಲ್ಲೇ ಉಳಿದು ಮುಗ್ಗಲು ವಾಸನೆ ಹಿಡಿಯುತ್ತದೆ. ಮಷಿನ್ನನ್ನು ಬಿಚ್ಚದೆ, ಹೊರಗಿನಿಂದಲೇ ಒಂದು ಸೆನ್ಸರ್ ಜೋಡಿಸಿ ಕೆಲಸ ಮುಗಿದ ಸುದ್ದಿಯನ್ನು ಫೋನಿಗೆ ತಲುಪಿಸಬಹುದು. ಇದಕ್ಕೆ ಬಳಕೆಯಲ್ಲಿರುವ ದಾರಿ ಎರಡು: ಮಷಿನ್ ಎಳೆಯುವ ಕರೆಂಟನ್ನು ಅಳೆಯುವುದು, ಅಥವಾ ಅದರ ಮೈಯ ನಡುಕವನ್ನು ಗಮನಿಸುವುದು. ಸೆನ್ಸರ್ ಯಾವುದೇ ಇರಲಿ, ‘ಮುಗಿಯಿತು’ ಎಂಬುದು ಅದಕ್ಕೆ ನೇರವಾಗಿ ಕಾಣುವುದಿಲ್ಲ. ಕಾಣುವುದು ‘ಈಗ ಸುಮ್ಮನಿದೆ’ ಎಂಬುದಷ್ಟೇ. ಒಗೆತದ ನಡುವೆಯೂ ಮಷಿನ್ ಹಲವು ಸಲ ಸುಮ್ಮನಾಗುತ್ತದೆ. ಯಾವ ಮೌನ ಕೊನೆಯದು ಎಂದು ಗುರುತಿಸುವುದೇ ಈ ಏರ್ಪಾಡಿನ ಕಷ್ಟದ ಭಾಗ; ಉಳಿದದ್ದೆಲ್ಲ ಜೋಡಣೆಯ ಕೆಲಸ.

ಕರೆಂಟ್ ಅಳೆಯುವುದಕ್ಕೆ ಸುಲಭದ ಸಾಧನವೆಂದರೆ ವಿದ್ಯುತ್ ಬಳಕೆಯನ್ನು ತೋರಿಸುವ ಸ್ಮಾರ್ಟ್ ಪ್ಲಗ್. ಗೋಡೆಯ ಸಾಕೆಟ್ಟಿಗೂ ಮಷಿನ್ನಿನ ಪಿನ್ನಿಗೂ ನಡುವೆ ಅದನ್ನು ಸಿಕ್ಕಿಸಿದರೆ ಸಾಕು, ಎಷ್ಟು ವಾಟ್ ಹರಿಯುತ್ತಿದೆ ಎಂಬುದನ್ನು ವೈಫೈ ಮೂಲಕ ಕಳಿಸುತ್ತಿರುತ್ತದೆ. ನೀರು ಕಾಯಿಸುವ ಮಷಿನ್ನಿನ ಹೀಟರ್ ಸುಮಾರು 2000 ವಾಟ್ ಬೇಡುತ್ತದೆ, ಅಂದರೆ 230 ವೋಲ್ಟ್‌ನಲ್ಲಿ 8.7 ಆಂಪಿಯರ್. ಆದ್ದರಿಂದ 6 ಆಂಪಿಯರ್‌ನ ಸಣ್ಣ ಪ್ಲಗ್ ಇಲ್ಲಿ ಸಲ್ಲದು, 16 ಆಂಪಿಯರ್‌ನದೇ ಬೇಕು. ಇನ್ನೊಂದು ಸಾಧನ ತಂತಿಯನ್ನು ಸುತ್ತುವರಿದು ಕೂರುವ ಕ್ಲಾಂಪ್. ಎಸ್‌ಸಿಟಿ-013 ಎಂಬ ಜಾತಿಯದು ಅಗ್ಗಕ್ಕೆ ಸಿಗುತ್ತದೆ. ಇದನ್ನು ಮಷಿನ್ನಿನ ದಪ್ಪ ವೈರಿಗೆ ಇಡಿಯಾಗಿ ಹಾಕಿದರೆ ಏನೂ ತೋರಿಸುವುದಿಲ್ಲ. ಆ ವೈರಿನೊಳಗೆ ಫೇಸ್ ತಂತಿಯಲ್ಲಿ ಹೋಗುವ ಕರೆಂಟು ನ್ಯೂಟ್ರಲ್ ತಂತಿಯಲ್ಲಿ ಹಿಂದಿರುಗುತ್ತಿರುತ್ತದೆ. ಎರಡರ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಕ್ಲಾಂಪ್ ಒಂದೇ ತಂತಿಯನ್ನು ಸುತ್ತಿರಬೇಕು. ವೈರಿನ ಹೊರ ಹೊದಿಕೆ ಸೀಳಿ ಒಳತಂತಿ ಬೇರ್ಪಡಿಸುವುದು ಎಲೆಕ್ಟ್ರಿಷಿಯನ್ ಮಾಡಬೇಕಾದ ಕೆಲಸ, ಮನೆಯ ಚಾಕುವಿನದಲ್ಲ.

ಮುಂಬಾಗಿಲಿನ ಮಷಿನ್ನಿನಲ್ಲಿ ಹತ್ತಿ ಬಟ್ಟೆಯನ್ನು 40 ಡಿಗ್ರಿಗೆ ಹಾಕಿದಾಗ ಏನಾಗುತ್ತದೆಂದು ನೋಡಬಹುದು. ಮೊದಲು ನೀರು ತುಂಬುವಾಗ ಕೆಲಸ ಮಾಡುವುದು ಒಂದು ಚಿಕ್ಕ ವಾಲ್ವ್ ಮಾತ್ರ, ಅಳತೆ ಕೆಲವೇ ವಾಟ್. ಆಮೇಲೆ ಹೀಟರ್ ಹತ್ತಿ ಅಳತೆ ಒಮ್ಮೆಲೆ 2000ಕ್ಕೆ ಏರುತ್ತದೆ. 15 ಲೀಟರ್ ನೀರನ್ನು 25ರಿಂದ 40 ಡಿಗ್ರಿಗೆ ಒಯ್ಯಲು ಲೆಕ್ಕದ ಪ್ರಕಾರ ಎಂಟು ನಿಮಿಷ ಸಾಕು. ಬಟ್ಟೆ ಮತ್ತು ಡ್ರಮ್ಮೂ ಕಾಯಬೇಕಾದ್ದರಿಂದ ಇನ್ನಷ್ಟು ಹಿಡಿಯುತ್ತದೆ. ಹೀಟರ್ ಆರಿದ ಮೇಲೆ ಡ್ರಮ್ ಒಂದಿಷ್ಟು ಹೊತ್ತು ತಿರುಗಿ, ನಿಂತು, ಎದುರು ದಿಕ್ಕಿಗೆ ತಿರುಗುತ್ತದೆ. ಅಳತೆ ನೂರಿನ ಆಸುಪಾಸಿಗೂ ನಾಲ್ಕೈದು ವಾಟ್‌ಗೂ ನಡುವೆ ಹೊಯ್ದಾಡುತ್ತದೆ. ನೀರು ಹೊರಹಾಕುವ ಪಂಪಿನದು ಸುಮಾರು 30 ವಾಟ್. ಬಟ್ಟೆ ಜಾಲಿಸುವ ಪ್ರತಿ ಸುತ್ತಿನ ಕೊನೆಗೂ ಚಿಕ್ಕದೊಂದು ಸ್ಪಿನ್. ಎಲ್ಲಕ್ಕೂ ಕಡೆಗೆ ಬರುವುದು ದೊಡ್ಡ ಸ್ಪಿನ್: ಕೆಲವು ನೂರು ವಾಟ್, ಹಲವಾರು ನಿಮಿಷ ಎಡೆಬಿಡದೆ. ಅದು ಇಳಿದ ಮೇಲೆ ಉಳಿಯುವುದು ದೀಪದ್ದೂ ಒಳಗಿನ ಬೋರ್ಡಿನದೂ ಒಂದೆರಡು ವಾಟ್.

ಇದನ್ನು ಕಂಡವರಿಗೆ ಮೊದಲು ಹೊಳೆಯುವ ನಿಯಮ ಸರಳ: ಅಳತೆ 5 ವಾಟ್‌ಗಿಂತ ಕೆಳಗಿಳಿದು ಐದು ನಿಮಿಷ ಅಲ್ಲೇ ಉಳಿದರೆ ಸುದ್ದಿ ಕಳಿಸು. ಹೋಮ್ ಅಸಿಸ್ಟೆಂಟ್‌ನಂಥ ತಂತ್ರಾಂಶದಲ್ಲಿ ಇದು ನಾಲ್ಕು ಸಾಲಿನ ಕೆಲಸ. ದಿನನಿತ್ಯದ ಒಗೆತಕ್ಕೆ ಇದು ಸಾಕಾಗುತ್ತದೆ. ಆದರೆ ನೆನೆಹಾಕುವ ಪ್ರೋಗ್ರಾಮ್ ಆರಿಸಿದ ದಿನ, ಅದರಲ್ಲೂ ಮೇಲ್ಬಾಗಿಲಿನ ಮಷಿನ್ನಿನಲ್ಲಿ, ಹದಿನೈದು ನಿಮಿಷ ಏನೂ ಅಲುಗದೆ ಇರಬಹುದು. ಬಟ್ಟೆ ಇನ್ನೂ ಸೋಪಿನ ನೀರಿನಲ್ಲಿರುವಾಗಲೇ ‘ಮುಗಿಯಿತು’ ಎಂಬ ಸಂದೇಶ ಬರುತ್ತದೆ. ಕಾಯುವ ಹೊತ್ತನ್ನು ಇಪ್ಪತ್ತು ನಿಮಿಷಕ್ಕೆ ಏರಿಸಿದರೆ ಆ ತಪ್ಪು ನಿಲ್ಲುತ್ತದೆ, ಆದರೆ ಪ್ರತಿ ಸಲವೂ ಸುದ್ದಿ ಇಪ್ಪತ್ತು ನಿಮಿಷ ತಡ. ಒಗೆತ ಮುಗಿದ ಮೇಲೂ ಬಟ್ಟೆ ಸುಕ್ಕಾಗದಂತೆ ಆಗಾಗ ಡ್ರಮ್ ತಿರುಗಿಸುವ ಮಷಿನ್ನುಗಳಲ್ಲಿ ತಡ ಇನ್ನೂ ಹೆಚ್ಚು, ಏಕೆಂದರೆ ಪ್ರತಿ ತಿರುಗಿಗೂ ಕಾಯುವ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ.

ಇದಕ್ಕಿಂತ ಒಳ್ಳೆಯ ಗುರುತು ಆ ಕೊನೆಯ ದೊಡ್ಡ ಸ್ಪಿನ್. 200 ವಾಟ್‌ಗಿಂತ ಹೆಚ್ಚು, ಆದರೆ ಹೀಟರಿನ ಮಟ್ಟಕ್ಕೆ ಏರದೆ, ಮೂರು ನಿಮಿಷ ಬಿಡದೆ ಓಡಿತು ಎಂದಾದರೆ ಪ್ರೋಗ್ರಾಮು ‘ಸ್ಪಿನ್ ಕಂಡಿದೆ’ ಎಂದು ಟಿಪ್ಪಣಿ ಹಾಕಿಕೊಳ್ಳುತ್ತದೆ. ಅದಾದ ಮೇಲೆ ಎರಡು ನಿಮಿಷದ ಮೌನ ಸಾಕು, ‘ಮುಗಿಯಿತು’ ಎನ್ನಬಹುದು. ಸ್ಪಿನ್ ಕಾಣದೆಯೇ ಮೌನ ಇಪ್ಪತ್ತೈದು ನಿಮಿಷ ದಾಟಿದರೆ ಬೇರೆಯೇ ಸಂದೇಶ ಹೋಗಬೇಕು: ‘ಮಷಿನ್ ನಿಂತಿದೆ, ಹೋಗಿ ನೋಡಿ’. ಈ ಎರಡನೆಯ ಸಂದೇಶಕ್ಕೆ ಬೆಲೆ ಹೆಚ್ಚು. ನಲ್ಲಿಯಲ್ಲಿ ನೀರು ನಿಂತುಹೋಗಿ ಮಷಿನ್ ಕಾಯುತ್ತಿದ್ದರೂ, ದಪ್ಪ ಹೊದಿಕೆ ಒಂದೇ ಕಡೆ ಮುದ್ದೆಯಾಗಿ ಸ್ಪಿನ್ ಆಗದೆ ಮಷಿನ್ ಕೈಚೆಲ್ಲಿದ್ದರೂ ಸರಳ ನಿಯಮಕ್ಕೆ ಅದು ಮುಗಿದ ಒಗೆತದಂತೆಯೇ ಕಾಣುತ್ತದೆ. ಉಣ್ಣೆ, ರೇಷ್ಮೆಯ ಪ್ರೋಗ್ರಾಮುಗಳಲ್ಲಿ ದೊಡ್ಡ ಸ್ಪಿನ್ ಇರುವುದಿಲ್ಲವಾದ್ದರಿಂದ ಅವಕ್ಕೂ ಈ ಎರಡನೆಯ ಸಂದೇಶವೇ ಗತಿ.

ಮೇಲಿನ ಅಂಕಿಗಳನ್ನು ಹಾಗೇ ಎತ್ತಿಕೊಳ್ಳುವಂತಿಲ್ಲ. ಮನೆಯಲ್ಲಿ ನಿಜಕ್ಕೂ ಬಳಸುವ ಪ್ರೋಗ್ರಾಮುಗಳನ್ನು ಒಂದೊಂದು ಸಲ ಓಡಿಸಿ, ವಾಟ್‌ನ ಗ್ರಾಫ್ ಉಳಿಸಿಕೊಂಡು, ಅದರಲ್ಲಿ ಮೂರು ಸಂಗತಿ ಓದಿಕೊಳ್ಳಬೇಕು: ಮುಗಿದ ಮೇಲೆ ಉಳಿಯುವ ಅಳತೆ, ನಡುವೆ ಬರುವ ಅತಿ ಉದ್ದದ ಮೌನ, ಕೊನೆಯ ಸ್ಪಿನ್ನಿನ ಎತ್ತರ ಮತ್ತು ಅವಧಿ. ಅರೆಹೊರೆ ಬಟ್ಟೆ ಹಾಕಿದಾಗ ಸ್ಪಿನ್ನಿನ ಎತ್ತರ ತಗ್ಗುತ್ತದೆ, ಮಿತಿಯನ್ನು ಅದಕ್ಕಿಂತ ಕೆಳಗೇ ಇಡಬೇಕು.

ನಡುಕದ ಸೆನ್ಸರಿಗೆ ಕರೆಂಟಿನ ಗೊಡವೆಯೇ ಇಲ್ಲ, ಅದೇ ಅದರ ದೊಡ್ಡ ಅನುಕೂಲ. ತೀರ ಅಗ್ಗದ್ದು ಎಸ್‌ಡಬ್ಲ್ಯೂ-420. ಅದು ಅಲುಗಿದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ, ಬಾಗಿಲು ಬಡಿದರೂ ಮಷಿನ್ ಮೇಲೆ ಬಕೆಟ್ ಇಟ್ಟರೂ ಪಕ್ಕದಲ್ಲಿ ಗ್ರೈಂಡರ್ ತಿರುಗಿದರೂ ಅದೇ ಉತ್ತರ. ಎಂಪಿಯು-6050ರಂಥ ಆಕ್ಸಿಲರೋಮೀಟರ್ ನಡುಕದ ಪ್ರಮಾಣವನ್ನೂ ವೇಗವನ್ನೂ ಕೊಡುತ್ತದೆ. ನಿಮಿಷಕ್ಕೆ 1000 ಸುತ್ತಿನ ಸ್ಪಿನ್ ಎಂದರೆ ಸೆಕೆಂಡಿಗೆ ಸುಮಾರು 17 ನಡುಕ. ಸೆಕೆಂಡಿಗೆ ನೂರು ಸಲ ಅಳೆದರೆ ಅದು ಸ್ಪಷ್ಟವಾಗಿ ಕಾಣುತ್ತದೆ, ಬಾಗಿಲಿನ ಒಂದು ಹೊಡೆತದಿಂದ ಬೇರೆಯಾಗಿಯೂ ಕಾಣುತ್ತದೆ. ಡ್ರಮ್ಮನ್ನು ಸ್ಪ್ರಿಂಗುಗಳ ಮೇಲೆ ತೂಗುಬಿಟ್ಟಿರುವುದರಿಂದ ಹೊರಗಿನ ಪೆಟ್ಟಿಗೆಗೆ ನಡುಕ ಕಡಿಮೆಯಾಗಿಯೇ ತಲುಪುತ್ತದೆ. ಹಾಗಾಗಿ ಸೆನ್ಸರನ್ನು ಮೂಲೆಯ ಗಟ್ಟಿ ಭಾಗಕ್ಕಲ್ಲ, ತಗಡು ಹೆಚ್ಚು ಅದುರುವ ಹಿಂಬದಿಯ ಅಥವಾ ಪಕ್ಕದ ನಡುಭಾಗಕ್ಕೆ ಬಿಗಿಯಾಗಿ ಅಂಟಿಸಬೇಕು. ನೀರು ಕಾಯುವುದು, ತುಂಬುವುದು ಇದಕ್ಕೆ ಗೊತ್ತೇ ಆಗದು. ಸ್ಪಿನ್ ಗುರುತಿಸುವ ವಿಧಾನ ಇಲ್ಲಿ ಇನ್ನೂ ಅಗತ್ಯ.

ಕರೆಂಟ್ ಹೋಗುವ ಊರುಗಳಲ್ಲಿ ಇನ್ನೊಂದು ತೊಡಕಿದೆ. ವೈಫೈಯೂ ಸೆನ್ಸರಿನ ಬೋರ್ಡೂ ಮನೆಯ ಇನ್ವರ್ಟರಿನ ಲೈನಿನಲ್ಲಿದ್ದು ಮಷಿನ್ ಮಾತ್ರ ಹೊರಗಿದ್ದರೆ, ಕರೆಂಟ್ ಹೋದ ಗಳಿಗೆಯೂ ಮೌನವಾಗಿಯೇ ಕಾಣುತ್ತದೆ. ಅದು ಕೊನೆಯ ಸ್ಪಿನ್ನಿನ ನಡುವೆ ಆದರೆ ‘ಮುಗಿಯಿತು’ ಎಂಬ ಸುಳ್ಳು ಸುದ್ದಿ ಹೊರಡುತ್ತದೆ. ಸ್ಮಾರ್ಟ್ ಪ್ಲಗ್ಗಾದರೆ ಮಷಿನ್ನಿನ ಜೊತೆಗೇ ಆರಿಹೋಗುತ್ತದೆ. ಪ್ಲಗ್ಗಿನಿಂದ ಉತ್ತರವೇ ಇಲ್ಲದಿರುವುದನ್ನೂ ಸೊನ್ನೆ ವಾಟನ್ನೂ ಪ್ರೋಗ್ರಾಮು ಬೇರೆಬೇರೆಯಾಗಿ ಎಣಿಸಿದರೆ ಸುಳ್ಳು ತಪ್ಪುತ್ತದೆ. ಕರೆಂಟ್ ಮರಳಿದಾಗ ಆಫ್ ಸ್ಥಿತಿಯಲ್ಲೇ ಉಳಿಯುವ ಪ್ಲಗ್ಗುಗಳೂ ಉಂಟು. ಅವುಗಳ ಸೆಟ್ಟಿಂಗಿನಲ್ಲಿ ‘ಹಿಂದಿನ ಸ್ಥಿತಿಗೆ ಮರಳು’ ಎಂಬುದನ್ನು ಆರಿಸದಿದ್ದರೆ, ನಿಂತಲ್ಲಿಂದ ಮುಂದುವರಿಯಬಲ್ಲ ಮಷಿನ್ ಕೂಡ ಅರ್ಧ ಒಗೆದ ಬಟ್ಟೆ ಹೊತ್ತು ಹಾಗೇ ನಿಂತಿರುತ್ತದೆ.