ಸಿಂಕ್ ಆದದ್ದೆಲ್ಲ ಬ್ಯಾಕಪ್ ಅಲ್ಲ

'ನನ್ನ ಥೀಸಿಸ್ ಎಲ್ಲ ಡ್ರೈವ್‌ನಲ್ಲಿದೆ, ಭಯವಿಲ್ಲ' ಎನ್ನುವ ಸಂಶೋಧನಾ ವಿದ್ಯಾರ್ಥಿಗಳು ಬಹಳ. ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳು ಮುಖ್ಯವಾಗಿ ಮಾಡುವ ಕೆಲಸ ಸಿಂಕ್. ಲ್ಯಾಪ್‌ಟಾಪಿನ ಫೋಲ್ಡರ್ ಹೇಗಿದೆಯೋ ಕ್ಲೌಡ್‌ನಲ್ಲೂ ಹಾಗೆಯೇ ಇಡುತ್ತವೆ. ಲ್ಯಾಪ್‌ಟಾಪ್ ಕೆಟ್ಟರೆ, ಕಳುವಾದರೆ ಇದು ಖಂಡಿತ ಕಾಪಾಡುತ್ತದೆ. ಆದರೆ ಕೈತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಕ್ಲೌಡ್‌ನಲ್ಲೂ ಅದು ಅಳಿಯುತ್ತದೆ. ಗೂಗಲ್ ಡ್ರೈವ್‌ನ ಟ್ರ್ಯಾಶ್ ಅದನ್ನು 30 ದಿನ ಇಟ್ಟುಕೊಂಡು ಆಮೇಲೆ ತಾನೇ ತೆಗೆದುಹಾಕುತ್ತದೆ. ಮೊದಲ ವರ್ಷದ ಸಮೀಕ್ಷೆಯ ಶೀಟ್ ಮತ್ತೆ ಬೇಕಾಗುವುದು ಮೂರನೇ ವರ್ಷದಲ್ಲಿ. ಅಷ್ಟು ಹೊತ್ತಿಗೆ ಆ ಗಡುವು ಮುಗಿದು ಎಷ್ಟೋ ಕಾಲವಾಗಿರುತ್ತದೆ.

ಹಳ್ಳಿಯ ಸಂತೆಗಳ ಬಗ್ಗೆ ಪಿಎಚ್‌ಡಿ ಮಾಡುವ ವಿದ್ಯಾರ್ಥಿನಿಯೊಬ್ಬಳು 60 ಗಂಟೆಗಳ ಸಂದರ್ಶನ ರೆಕಾರ್ಡ್ ಮಾಡಿದ್ದಾಳೆ ಎಂದಿಟ್ಟುಕೊಳ್ಳಿ. ಸಾಮಾನ್ಯ ಮೋನೋ ವೇವ್ ಕಡತ ಗಂಟೆಗೆ ಸುಮಾರು 300 ಎಂಬಿ, ಅಂದರೆ ಒಟ್ಟು 18 ಜಿಬಿಗೂ ಹೆಚ್ಚು. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ. ಅದರಲ್ಲೇ ಜಿಮೇಲ್, ಫೋಟೋಗಳಿಗೂ ಪಾಲು. ಹಾಗಾಗಿ ಎಲ್ಲವನ್ನೂ ಡ್ರೈವ್‌ಗೆ ತುಂಬುವ ಮಾತೇ ಬರುವುದಿಲ್ಲ. ಕಡತಗಳ ಸ್ವಭಾವ ನೋಡಿ ವಿಂಗಡಿಸಬೇಕು.

ಮೂಲ ರೆಕಾರ್ಡಿಂಗ್ ಮತ್ತು ತುಂಬಿದ ಪ್ರಶ್ನಾವಳಿಗಳು `01_raw` ಫೋಲ್ಡರಿಗೆ. ಇವು ಎಂದೂ ಬದಲಾಗಬಾರದು, ಆದ್ದರಿಂದ ಪ್ರಾಪರ್ಟೀಸ್‌ಗೆ ಹೋಗಿ ರೀಡ್-ಓನ್ಲಿ ಮಾಡಿಡಬೇಕು. ಎರಡು ಕಡೆ ಪ್ರತಿಯಾಗುವ ತನಕ ರೆಕಾರ್ಡರಿನ ಕಾರ್ಡನ್ನು ಖಾಲಿ ಮಾಡಕೂಡದು. ಜತೆಗೆ ಒಂದು `README.txt` ಇರಲಿ: ಯಾವ ಕಡತ ಯಾವ ಸಂತೆಯದು, ಯಾವ ದಿನದ್ದು, ಶೀಟಿನಲ್ಲಿ 99 ಎಂದರೆ 'ಉತ್ತರ ಕೊಡಲಿಲ್ಲ' ಎಂದೇ, ಇಂಥವು. ಎರಡು ವರ್ಷ ಕಳೆದರೆ ಆ 99ರ ಅರ್ಥ ಬರೆದವಳಿಗೇ ನೆನಪಿರುವುದಿಲ್ಲ. ಅದನ್ನು ವಯಸ್ಸು ಎಂದು ಲೆಕ್ಕಕ್ಕೆ ಹಿಡಿದರೆ ಸರಾಸರಿಯೇ ಕೆಡುತ್ತದೆ.

ದಿನವೂ ಬದಲಾಗುವ ಶೀಟುಗಳು `02_work`ನಲ್ಲಿ, ಅಧ್ಯಾಯಗಳು `03_thesis`ನಲ್ಲಿ. ಡ್ರೈವ್‌ಗೆ ಸಿಂಕ್ ಆಗಬೇಕಾದದ್ದು ಇವೆರಡೇ. ಗೈಡ್‌ಗೆ ಕಳಿಸಿದ ಪ್ರತಿಯನ್ನು `2025-03-14_adhyaya3.docx` ಎಂದು ವರ್ಷ ಮೊದಲು ಬರುವಂತೆ ಹೆಸರಿಟ್ಟು ಬೇರೆಯಾಗಿ ಇಟ್ಟರೆ ಕಡತಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಯಾವುದು ಫೈನಲ್ ಎಂದು ಹುಡುಕುವ ಕಷ್ಟವಿಲ್ಲ.

ಆಕರಗಳ ವಿಷಯ ಬೇರೆ. ಜೊಟೆರೊ ಬಳಸುವವರ ಎಲ್ಲ ಆಕರಗಳೂ `zotero.sqlite` ಎಂಬ ಒಂದೇ ಡೇಟಾಬೇಸಿನಲ್ಲಿರುತ್ತವೆ. ಆ ಫೋಲ್ಡರನ್ನು ಡ್ರೈವ್ ಒಳಗೆ ಇಡಬೇಡಿ. ಜೊಟೆರೊ ಅದರಲ್ಲಿ ಬರೆಯುತ್ತಿರುವಾಗಲೇ ಡ್ರೈವ್ ಅರ್ಧಂಬರ್ಧ ಎತ್ತಿಕೊಂಡು ಹೋದರೆ ಡೇಟಾಬೇಸ್ ಕೆಡುತ್ತದೆ. ಜೊಟೆರೊದ್ದೇ ಸಿಂಕ್ ಇದೆ. ಅದರಲ್ಲಿ ಆಕರಗಳ ವಿವರಗಳಿಗೆ ಜಾಗದ ಮಿತಿಯಿಲ್ಲ, ಪಿಡಿಎಫ್‌ಗಳಿಗೆ ಮಾತ್ರ ಉಚಿತ ಜಾಗ 300 ಎಂಬಿ. ನೂರಾರು ಲೇಖನಗಳಿಗೆ ಅದು ಸಾಲದು.

ಹೀಗಾಗಿ ರೆಕಾರ್ಡಿಂಗ್‌ಗಳಿಗೂ ಪಿಡಿಎಫ್‌ಗಳಿಗೂ ಹೊರಗಿನ ಹಾರ್ಡ್ ಡಿಸ್ಕೇ ಗತಿ. 1 ಟಿಬಿಯ ಎರಡು ಡಿಸ್ಕ್ ಇದ್ದರೆ ಒಂದು ಹಾಸ್ಟೆಲಿನಲ್ಲಿ, ಇನ್ನೊಂದು ಊರಿನ ಮನೆಯಲ್ಲಿ. ವಾರಕ್ಕೊಮ್ಮೆ ಜೊಟೆರೊ ಮುಚ್ಚಿ, ಹಾಸ್ಟೆಲಿನ ಡಿಸ್ಕ್ ಸಿಕ್ಕಿಸಿ, ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಈ ಎರಡು ಸಾಲು ಸಾಕು:

```
robocopy "D:\PhD" "E:\2025-03\PhD" /E
robocopy "%USERPROFILE%\Zotero" "E:\2025-03\Zotero" /E
```

ತಿಂಗಳು ಬದಲಾದಾಗ ಫೋಲ್ಡರಿನ ಹೆಸರೂ ಬದಲಾಗಲಿ. ಎಲ್ಲ ಸೇರಿ 25 ಜಿಬಿ ಎಂದರೂ ಮೂರು ವರ್ಷದ ತಿಂಗಳ ಪ್ರತಿಗಳು ಒಂದೇ ಡಿಸ್ಕಿನಲ್ಲಿ ಹಿಡಿಯುತ್ತವೆ. `/E` ಬದಲು `/MIR` ಹಾಕುವವರಿದ್ದಾರೆ. ಅದು ಲ್ಯಾಪ್‌ಟಾಪಿನಲ್ಲಿ ಇಲ್ಲದ್ದನ್ನು ಡಿಸ್ಕಿನಿಂದಲೂ ಅಳಿಸುತ್ತದೆ, ಮತ್ತೆ ಸಿಂಕ್‌ನ ತೊಂದರೆಯೇ. ಕೆಲಸ ಮುಗಿದಾಗ `FAILED` ಕಾಲಂನಲ್ಲಿ 0 ಇದೆಯೇ ನೋಡಿ ಡಿಸ್ಕ್ ಬಿಚ್ಚಿಡಬೇಕು. ಸಿಕ್ಕಿಸಿಯೇ ಬಿಟ್ಟರೆ ರ‍್ಯಾನ್ಸಮ್‌ವೇರ್ ಬಂದ ದಿನ ಡಿಸ್ಕೂ ಲಾಕ್ ಆಗುತ್ತದೆ. ಊರಿಗೆ ಹೋಗುವಾಗ ಹಾಸ್ಟೆಲಿನ ಡಿಸ್ಕ್ ಒಯ್ದು ಅಲ್ಲಿಟ್ಟು, ಅಲ್ಲಿಯದನ್ನು ತರುವುದು.

ಬ್ಯಾಕಪ್ ವ್ಯವಸ್ಥೆಯೇ ಕಡತಗಳನ್ನು ನುಂಗಿದ ನಿದರ್ಶನವೂ ಇದೆ. 2021ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರಿನಲ್ಲಿ ಬ್ಯಾಕಪ್ ಸ್ಕ್ರಿಪ್ಟಿನ ದೋಷದಿಂದ ಸಂಶೋಧಕರ ಸುಮಾರು 77 ಟಿಬಿ ಕಡತಗಳು ಅಳಿಸಿಹೋದವು. ಆದ್ದರಿಂದ ತಿಂಗಳಿಗೊಮ್ಮೆ ಡಿಸ್ಕನ್ನು ಗೆಳತಿಯ ಕಂಪ್ಯೂಟರಿಗೆ ಹಾಕಿ, ಒಂದು ರೆಕಾರ್ಡಿಂಗ್, ಒಂದು ಶೀಟ್, ಕೊನೆಯ ಅಧ್ಯಾಯ ತೆರೆದು ನೋಡಬೇಕು. ಆಗಲೇ ಗೊತ್ತಾಗುವ ಸಂಗತಿಗಳಿವೆ. ಗೂಗಲ್ ಡಾಕ್ಸ್‌ನಲ್ಲಿ ಬರೆದ ಅಧ್ಯಾಯ ಡಿಸ್ಕಿನಲ್ಲಿ ಒಂದು ಕೆಬಿಯೂ ಇಲ್ಲದ `.gdoc` ಕಡತವಾಗಿ ಕೂತಿರುತ್ತದೆ. ಅದು ಬರೀ ಲಿಂಕ್, ಒಳಗೆ ಒಂದು ವಾಕ್ಯವೂ ಇಲ್ಲ. ಡಾಕ್ಸ್‌ನಿಂದ `.docx` ಆಗಿ ಡೌನ್‌ಲೋಡ್ ಮಾಡಿಯೇ ಇಡಬೇಕು. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಅಧ್ಯಾಯವಾದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಅದಕ್ಕೆ ಫಾಂಟ್ ಕಡತವನ್ನೂ ಅಧ್ಯಾಯದ ಪಿಡಿಎಫ್ ಪ್ರತಿಯನ್ನೂ `03_thesis`ನಲ್ಲೇ ಸೇರಿಸಿಡಿ.