ಮೊದಲು ಅಡ್ರಿನಲಿನ್, ಆಮೇಲೆ ಅಲರ್ಜಿ ಮಾತ್ರೆ

ಮಲೆನಾಡಿನ ಕಾಫಿ ತೋಟಗಳಲ್ಲಿ ದುಡಿಯುವವರಿಗೆ ಜೇನುಹುಳ ಕಚ್ಚುವುದು ಹೊಸದಲ್ಲ. ಮುಳ್ಳು ಕಿತ್ತೆಸೆದು, ಸುಣ್ಣ ಹಚ್ಚಿಕೊಂಡು ಕೆಲಸ ಮುಂದುವರಿಸುವವರೇ ಹೆಚ್ಚು. ಅಂಥ ಒಬ್ಬ ಕಾರ್ಮಿಕನನ್ನು ಊಹಿಸಿಕೊಳ್ಳೋಣ. ನಲವತ್ತರ ಆಸುಪಾಸಿನ ವಯಸ್ಸು, 60 ಕಿಲೋ ತೂಕ. ಹಿಂದೆಯೂ ಎರಡು ಮೂರು ಸಲ ಜೇನು ಕಚ್ಚಿದೆ, ಕೈ ಊದಿ ಇಳಿದಿದೆ. ಈ ಸಲ ಕಚ್ಚಿದ್ದು ಒಂದೇ ಒಂದು ಹುಳ, ಕುತ್ತಿಗೆಗೆ. ಐದು ನಿಮಿಷದಲ್ಲಿ ಅಂಗೈ ಅಂಗಾಲು ತುರಿಸುತ್ತವೆ, ಮೈತುಂಬ ಪಿತ್ತದ ಗಂಧೆ ಏಳುತ್ತದೆ. ಹತ್ತನೇ ನಿಮಿಷಕ್ಕೆ ದನಿ ಗೊಗ್ಗರಾಗುತ್ತದೆ, ವಾಂತಿಯಾಗುತ್ತದೆ. ಕಣ್ಣು ಕತ್ತಲೆ ಬರುತ್ತಿದೆ ಎನ್ನುತ್ತಲೇ ಕುಸಿದು ಕೂರುತ್ತಾನೆ. ಜೊತೆಯವರು ಅಲರ್ಜಿ ಮಾತ್ರೆ ತರಲು ಮೆಡಿಕಲ್ ಅಂಗಡಿಗೆ ಓಡುತ್ತಾರೆ.

ಅವರ ಕಾಳಜಿ ಸರಿಯಾದದ್ದೇ. ಮದ್ದು ಮಾತ್ರ ತಪ್ಪು. ಇದು ಅನಾಫೈಲ್ಯಾಕ್ಸಿಸ್.

ಈ ಹೆಸರು ಹುಟ್ಟಿದ್ದು ಒಂದು ನಾಯಿಯ ಸಾವಿನಿಂದ. 1901ರಲ್ಲಿ ಮೊನಾಕೊದ ರಾಜಕುಮಾರನ ಹಡಗಿನಲ್ಲಿ ಫ್ರಾನ್ಸಿನ ಚಾರ್ಲ್ಸ್ ರಿಶೆ ಮತ್ತು ಪಾಲ್ ಪೋರ್ಟಿಯೆ ಸಮುದ್ರಜೀವಿಯೊಂದರ ವಿಷವನ್ನು ಅಭ್ಯಾಸ ಮಾಡಿದರು. ಪ್ಯಾರಿಸ್ಸಿಗೆ ಮರಳಿದ ಮೇಲೆ ಸೀ ಅನಿಮೋನ್ ಎಂಬ ಇನ್ನೊಂದು ಜೀವಿಯ ವಿಷವನ್ನು ನಾಯಿಗಳಿಗೆ ಅಲ್ಪಸ್ವಲ್ಪವಾಗಿ ಚುಚ್ಚತೊಡಗಿದರು. ವಿಷ ತಾಳಿಕೊಳ್ಳುವ ಶಕ್ತಿ ಬರಬಹುದೆಂಬ ನಿರೀಕ್ಷೆ. ನೆಪ್ಚೂನ್ ಎಂಬ ಗಟ್ಟಿಮುಟ್ಟಾದ ನಾಯಿ ಮೊದಲ ಚುಚ್ಚುಮದ್ದನ್ನು ತಾಳಿಕೊಂಡಿತು. ಮೂರು ವಾರ ಕಳೆದ ಮೇಲೆ ಮತ್ತೆ ಕೊಟ್ಟಾಗ ಕೆಲವೇ ಸೆಕೆಂಡುಗಳಲ್ಲಿ ಏದುಸಿರು ಬಿಡತೊಡಗಿತು, ನಿಲ್ಲಲಾರದೆ ಬಿದ್ದಿತು, 25 ನಿಮಿಷದಲ್ಲಿ ಸತ್ತಿತು. ಮೊದಲ ಭೇಟಿ ರಕ್ಷಣೆ ಕೊಡುವ ಬದಲು ದೇಹವನ್ನು ಅದರದೇ ವಿರುದ್ಧ ಸಜ್ಜುಗೊಳಿಸಿತ್ತು. ರಕ್ಷಣೆಗೆ ವಿರುದ್ಧವಾದದ್ದು ಎಂಬರ್ಥದ ಗ್ರೀಕ್ ಮೂಲದ ಪದವನ್ನು ರಿಶೆ ಇದಕ್ಕಾಗಿ ಕಟ್ಟಿದರು. 1913ರಲ್ಲಿ ಅವರಿಗೆ ನೊಬೆಲ್ ಬಂತು.

ತೋಟದ ಕಾರ್ಮಿಕನಲ್ಲಿ ಆದದ್ದೂ ಇದೇ. ಹಿಂದಿನ ಕಡಿತಗಳ ಹೊತ್ತಿಗೆ ಅವನ ದೇಹ ಜೇನಿನ ವಿಷವನ್ನು ಗುರುತಿಸುವ ಐಜಿಇ ಎಂಬ ಪ್ರತಿಕಾಯಗಳನ್ನು ತಯಾರಿಸಿಟ್ಟುಕೊಂಡಿತ್ತು. ಚರ್ಮ, ಶ್ವಾಸನಾಳ, ಕರುಳು, ರಕ್ತನಾಳಗಳ ಸುತ್ತ ಮಾಸ್ಟ್ ಕೋಶಗಳೆಂಬ ಕಾವಲು ಕೋಶಗಳಿವೆ. ಆ ಪ್ರತಿಕಾಯಗಳು ಅವುಗಳ ಮೈಮೇಲೆ ಹೋಗಿ ಕೂತಿದ್ದವು. ಈ ಸಲ ವಿಷದ ಕಣವೊಂದು ಅಕ್ಕಪಕ್ಕದ ಎರಡು ಪ್ರತಿಕಾಯಗಳನ್ನು ಒಟ್ಟಿಗೆ ಹಿಡಿದು ಜೋಡಿಸಿದ್ದೇ ತಡ, ಕೋಶದೊಳಗೆ ಸಣ್ಣ ಸಣ್ಣ ಚೀಲಗಳಲ್ಲಿದ್ದ ಸರಕೆಲ್ಲ ಹೊರಚೆಲ್ಲಿತು. ಅದರಲ್ಲಿ ಮುಖ್ಯವಾದದ್ದು ಹಿಸ್ಟಮಿನ್. ಆದರೆ ಅದೊಂದೇ ಅಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಕೆಲವೇ ನಿಮಿಷಗಳಲ್ಲಿ ಅದೇ ಕೋಶಗಳು ಲ್ಯೂಕೋಟ್ರೈಯೀನ್, ಪ್ರೊಸ್ಟಗ್ಲ್ಯಾಂಡಿನ್‌ನಂಥ ಇತರ ರಾಸಾಯನಿಕಗಳನ್ನು ಹೊಸದಾಗಿ ತಯಾರಿಸಿ ಬಿಡತೊಡಗುತ್ತವೆ. ಶ್ವಾಸನಾಳವನ್ನು ಹಿಂಡುವುದರಲ್ಲಿ ಲ್ಯೂಕೋಟ್ರೈಯೀನ್‌ಗಳು ಹಿಸ್ಟಮಿನ್ನನ್ನೂ ಮೀರಿಸುತ್ತವೆ.

ಹೊರಗೆ ಕಾಣುವುದು ಗಂಧೆ, ತುರಿಕೆ. ಜೀವಕ್ಕೆ ಎರವಾಗುವುದು ಒಳಗೆ ನಡೆಯುವಂಥದು. ರಕ್ತನಾಳಗಳು ಸಡಿಲಗೊಂಡು ಅಗಲವಾಗುತ್ತವೆ, ಅವುಗಳ ಗೋಡೆ ಸೋರುತ್ತದೆ. ತೀವ್ರ ಪ್ರಕರಣಗಳಲ್ಲಿ ರಕ್ತನಾಳಗಳೊಳಗಿನ ದ್ರವದ ಮೂರನೇ ಒಂದರಷ್ಟು ಹತ್ತು ನಿಮಿಷದೊಳಗೆ ಸುತ್ತಲಿನ ಮಾಂಸಖಂಡಕ್ಕೆ ಇಳಿದುಬಿಡಬಹುದು. ಒಂದು ಹನಿಯೂ ಹೊರಗೆ ಚೆಲ್ಲದ ರಕ್ತಸ್ರಾವದಂತೆ ಇದು. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಬಿಪಿ ಕುಸಿಯುತ್ತದೆ. ಅದೇ ಹೊತ್ತಿಗೆ ಗಂಟಲೊಳಗೆ ಊತ, ಎದೆಯಲ್ಲಿ ಉಬ್ಬಸ. ಬ್ರಿಟನ್ನಿನಲ್ಲಿ ಅನಾಫೈಲ್ಯಾಕ್ಸಿಸ್ ಸಾವುಗಳನ್ನು ಪರಿಶೀಲಿಸಿದಾಗ, ಹುಳ ಕಚ್ಚಿದವರಲ್ಲಿ ಹೃದಯ ಅಥವಾ ಉಸಿರು ನಿಂತದ್ದು ಸರಿಸುಮಾರು 15 ನಿಮಿಷಕ್ಕೆ, ಆಹಾರದ ಅಲರ್ಜಿಯಲ್ಲಿ 30 ನಿಮಿಷಕ್ಕೆ, ನರಕ್ಕೆ ಕೊಟ್ಟ ಔಷಧದಿಂದಾದರೆ 5 ನಿಮಿಷಕ್ಕೆ ಎಂದು ಕಂಡುಬಂತು.

ಅಲರ್ಜಿ ಮಾತ್ರೆಯನ್ನು ಈ ಗಡಿಯಾರದ ಪಕ್ಕ ಇಟ್ಟು ನೋಡಬೇಕು. ಸಿಟ್ರಿಜಿನ್ ನುಂಗಿದರೆ ಅದು ಕೆಲಸ ಶುರುಮಾಡಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಇಂಜೆಕ್ಷನ್ನಾದರೆ ಬೇಗ ರಕ್ತ ಸೇರುತ್ತದೆ, ಆದರೂ ತೊಂದರೆ ತಪ್ಪುವುದಿಲ್ಲ. ಆಂಟಿಹಿಸ್ಟಮಿನ್ ಮಾಡುವುದಿಷ್ಟೇ: ಹಿಸ್ಟಮಿನ್ ಹೋಗಿ ಕೂರಬೇಕಾದ ಜಾಗವನ್ನು ತಾನು ಹಿಡಿಯುತ್ತದೆ. ಉಳಿದ ರಾಸಾಯನಿಕಗಳ ತಂಟೆಗೆ ಹೋಗುವುದಿಲ್ಲ. ಸಡಿಲಗೊಂಡ ರಕ್ತನಾಳವನ್ನು ಬಿಗಿಯುವ, ಮುಚ್ಚಿಕೊಳ್ಳುತ್ತಿರುವ ಶ್ವಾಸನಾಳವನ್ನು ತೆರೆಯುವ ಶಕ್ತಿ ಅದಕ್ಕಿಲ್ಲ. ನಿಜವಾದ ಅಪಾಯ ಇರುವುದು ಅದು ಹುಟ್ಟಿಸುವ ಭ್ರಮೆಯಲ್ಲಿ. ತುರಿಕೆ ತಗ್ಗುತ್ತದೆ, ಗಂಧೆ ಮಾಸುತ್ತದೆ, ರೋಗಿಗೆ ತೂಕಡಿಕೆ ಬರುತ್ತದೆ. ಗುಣವಾಗುತ್ತಿದೆ ಎಂದು ಸುತ್ತಲಿನವರು ನಿಟ್ಟುಸಿರು ಬಿಡುವಾಗ ಬಿಪಿ ಇಳಿಯುತ್ತಲೇ ಇರುತ್ತದೆ. ಸ್ಟಿರಾಯ್ಡ್ ಇಂಜೆಕ್ಷನ್ ಕತೆಯೂ ಬೇರೆಯಲ್ಲ. ಅದರ ಪರಿಣಾಮಕ್ಕೆ ಗಂಟೆಗಳೇ ಬೇಕು.

ಅಡ್ರಿನಲಿನ್ ದಾರಿಯೇ ಬೇರೆ. ಅದು ಯಾವ ರಾಸಾಯನಿಕವನ್ನೂ ಹುಡುಕಿಕೊಂಡು ಹೋಗುವುದಿಲ್ಲ, ಅವೆಲ್ಲ ಸೇರಿ ಮಾಡಿದ ಹಾನಿಯನ್ನು ನೇರವಾಗಿ ತಿರುಗಿಸುತ್ತದೆ. ರಕ್ತನಾಳಗಳನ್ನು ಬಿಗಿಮಾಡಿ ಬಿಪಿ ಏರಿಸುತ್ತದೆ, ಗಂಟಲಿನ ಊತ ಇಳಿಸುತ್ತದೆ. ಹೃದಯದ ಬಡಿತಕ್ಕೆ ಬಲ ಕೊಡುತ್ತದೆ. ಶ್ವಾಸನಾಳಗಳನ್ನು ತೆರೆಯುತ್ತದೆ. ಜೊತೆಗೆ, ಮಾಸ್ಟ್ ಕೋಶಗಳು ಇನ್ನಷ್ಟು ಸರಕು ಚೆಲ್ಲದಂತೆ ತಡೆಯುತ್ತದೆ. ಚೆಲ್ಲುವುದು ಹೆಚ್ಚಾಗುವ ಮೊದಲೇ ಕೊಡಬೇಕೆಂಬುದು ಇದಕ್ಕೇ.

ಈ ವ್ಯತ್ಯಾಸವನ್ನು ಎತ್ತಿ ತೋರಿಸಿದ ಪರೀಕ್ಷೆಯೊಂದು ಪಕ್ಕದ ಶ್ರೀಲಂಕಾದಲ್ಲಿ ನಡೆಯಿತು. ಹಾವು ಕಡಿತಕ್ಕೆ ಕೊಡುವ ಪ್ರತಿವಿಷವೇ ಕೆಲವರಲ್ಲಿ ಅನಾಫೈಲ್ಯಾಕ್ಸಿಸ್ ತರುತ್ತದೆ. ಅದನ್ನು ತಡೆಯಲು ಪ್ರತಿವಿಷಕ್ಕೆ ಮುನ್ನ ಯಾವ ಮದ್ದು ಕೊಡಬೇಕೆಂದು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ನೋಡಲಾಯಿತು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಚರ್ಮದಡಿ ಕಾಲು ಮಿಲಿಲೀಟರ್ ಅಡ್ರಿನಲಿನ್ ಪಡೆದವರಲ್ಲಿ ಮೊದಲ ಗಂಟೆಯ ತೀವ್ರ ಪ್ರತಿಕ್ರಿಯೆಗಳು ಶೇ. 43ರಷ್ಟು ತಗ್ಗಿದವು. ಪ್ರೊಮೆಥಜಿನ್ ಎಂಬ ಆಂಟಿಹಿಸ್ಟಮಿನ್ನಿನಿಂದಾಗಲಿ, ಹೈಡ್ರೊಕಾರ್ಟಿಸೋನ್ ಎಂಬ ಸ್ಟಿರಾಯ್ಡಿನಿಂದಾಗಲಿ ಪ್ರಯೋಜನ ಕಾಣಲಿಲ್ಲ. ಇದು ಚಿಕಿತ್ಸೆಯ ಪರೀಕ್ಷೆಯಲ್ಲ, ತಡೆಯುವ ಪರೀಕ್ಷೆ, ನಿಜ. ಆದರೂ ಮೂರನ್ನೂ ಒಂದೇ ಕಣದಲ್ಲಿ ನಿಲ್ಲಿಸಿ ನೋಡುವ ಅವಕಾಶ ಅಪರೂಪದ್ದು.

ಹಾಗಿದ್ದೂ ಅಡ್ರಿನಲಿನ್ ಕೊಡಲು ಕೈ ಹಿಂಜರಿಯುವುದೇಕೆ? ಹೃದಯಕ್ಕೆ ಅಪಾಯ ಎಂಬ ಅಂಜಿಕೆ. ಆ ಅಂಜಿಕೆಗೆ ಮೂಲವಿದೆ: ಗಾಢ ದ್ರಾವಣವನ್ನು ಒಮ್ಮೆಲೇ ನರಕ್ಕೆ ಚುಚ್ಚಿದರೆ ಹೃದಯದ ಲಯ ತಪ್ಪಬಹುದು. ತೊಡೆಯ ಸ್ನಾಯುವಿಗೆ ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗ ಆಗುವುದು ಸಾಮಾನ್ಯವಾಗಿ ಎದೆ ಡವಗುಟ್ಟುವುದು, ಕೈ ನಡುಗುವುದು, ತಲೆನೋವು, ಅದೂ ಸ್ವಲ್ಪ ಹೊತ್ತು. ಲೆಕ್ಕ ಸುಲಭ. ತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ, ಒಂದು ಸಲಕ್ಕೆ 0.5 ಮಿಲಿಗ್ರಾಂ ಮೀರುವಂತಿಲ್ಲ. ನಮ್ಮ ಕಾರ್ಮಿಕನಿಗೆ ಲೆಕ್ಕದ ಪ್ರಕಾರ 0.6 ಬಂದರೂ ಕೊಡುವುದು 0.5. ಮಿಲಿಲೀಟರ್‌ಗೆ ಒಂದು ಮಿಲಿಗ್ರಾಂ ಇರುವ ಆಂಪೂಲಿನಲ್ಲಿ ಅದು ಸರಿಯಾಗಿ ಅರ್ಧ. 20 ಕಿಲೋದ ಮಗುವಿಗಾದರೆ 0.2 ಮಿಲಿಲೀಟರ್. ತೊಡೆಯ ನಡುವಿನ ಹೊರಭಾಗವೇ ಏಕೆಂದರೆ, ಮಕ್ಕಳಲ್ಲಿ ಅಳೆದು ನೋಡಿದಾಗ ಅಲ್ಲಿಂದ ಔಷಧ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟಲು ಸರಾಸರಿ 8 ನಿಮಿಷ ಸಾಕಾಯಿತು. ಚರ್ಮದಡಿ ಕೊಟ್ಟಾಗ 34 ನಿಮಿಷ ಬೇಕಾಯಿತು.

ಕಾರ್ಮಿಕನನ್ನು ಆಸ್ಪತ್ರೆಗೆ ಸಾಗಿಸುವಾಗ ಎಬ್ಬಿಸಿ ನಡೆಸಬಾರದು. ಮಲಗಿಸಿ ಕಾಲು ಎತ್ತರದಲ್ಲಿಡಬೇಕು. ಉಸಿರು ಕಟ್ಟುತ್ತಿದ್ದರೆ ಮಾತ್ರ ಕಾಲು ಚಾಚಿ ಕೂರಿಸಬಹುದು. ಏಕಾಏಕಿ ಎದ್ದು ನಿಂತರೆ ಉಳಿದಷ್ಟು ರಕ್ತವೂ ಕಾಲಿಗಿಳಿದು ಹೃದಯ ಬರಿದಾಗುತ್ತದೆ, ಹಾಗೆ ಎದ್ದ ಕ್ಷಣದಲ್ಲೇ ಪ್ರಾಣ ಹೋದ ಪ್ರಕರಣಗಳಿವೆ. ಗಂಧೆ ಇಲ್ಲವೆಂದು ಅನಾಫೈಲ್ಯಾಕ್ಸಿಸ್ ಅಲ್ಲವೆನ್ನಲೂ ಆಗದು, ಕೆಲವರಲ್ಲಿ ಚರ್ಮ ಏನನ್ನೂ ಹೇಳುವುದಿಲ್ಲ. ದನಿ ಬದಲಾಗುವುದು, ಉಬ್ಬಸ, ತಲೆಸುತ್ತು, ಬಿಡದ ವಾಂತಿ ಇವೇ ಗುರುತು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅವನ ತೊಡೆಗೆ ಅರ್ಧ ಮಿಲಿಲೀಟರ್ ಹೋಯಿತು, ಆಕ್ಸಿಜನ್ ಹಚ್ಚಿದರು, ನರಕ್ಕೆ ಸಲೈನ್ ಬಿಟ್ಟರು ಎಂದುಕೊಳ್ಳೋಣ. ಐದು ನಿಮಿಷಕ್ಕೂ ಬಿಪಿ ಏರದಿದ್ದರೆ ಅದೇ ಪ್ರಮಾಣ ಇನ್ನೊಮ್ಮೆ. ಅಡ್ರಿನಲಿನ್ ಬೇಗ ಇಳಿಯುವ ಔಷಧವಾದ್ದರಿಂದ, ಕೆಲವರಲ್ಲಿ ಗಂಟೆಗಳ ನಂತರ ಎರಡನೇ ಅಲೆ ಏಳುವುದರಿಂದ, ಸುಧಾರಿಸಿದ ಮೇಲೂ ಮನೆಗೆ ಕಳಿಸದೆ ಇಟ್ಟುಕೊಳ್ಳುತ್ತಾರೆ. ಸಂಜೆ ಹೊತ್ತಿಗೆ ದನಿ ತಿಳಿಯಾಗಿದೆ, ಬಿಪಿ ನಿಂತಿದೆ. ಹೊಟ್ಟೆಯ ಮೇಲೆ ಉಳಿದ ನಾಲ್ಕು ಗಂಧೆ ಮಾತ್ರ ತುರಿಸುತ್ತಿವೆ. ನರ್ಸ್ ಅವನ ಕೈಗೆ ಒಂದು ಸಿಟ್ರಿಜಿನ್ ಮಾತ್ರೆ, ಒಂದು ಲೋಟ ನೀರು ಕೊಡುವುದು ಈಗ.